ಬೇಗ ಬನ್ನಿ ಅಂದ್ರೆ ಎಲ್ಲಿಗೆ? ಒಂದು ಬೇಕರಿಯ ಹಬ್ಬದ ರೀಲು: ಪ್ರಕರಣ ಅಧ್ಯಯನ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಫ್ಲೆಕ್ಸ್ ಅಂಗಡಿ. ನಾಮಕರಣದ ಬ್ಯಾನರಿನಿಂದ ಹಿಡಿದು ಗಣಪತಿ ಪೆಂಡಾಲಿನವರೆಗೆ ಎಲ್ಲಾ ಮಾಡುತ್ತೇನೆ. ಈಚೆಗೆ ಎರಡು ಮೂರು ವರ್ಷದಿಂದ ಸುತ್ತಲಿನ ಅಂಗಡಿಯವರು ರೀಲ್ ಕೂಡ ಮಾಡಿಕೊಡು ಅನ್ನುತ್ತಿದ್ದಾರೆ. ಬಟವಾಡಿ ಕಡೆಯ ಒಂದು ಬೇಕರಿಯ ಕೆಲಸ ನನ್ನ ಕೈಗೆ ಬಂದಿದ್ದು ಹಾಗಲ್ಲ, ಅದು ಕೆಟ್ಟ ಮೇಲೆ ಬಂತು.

2025ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8ಕ್ಕೆ ಮುಗಿಯಿತು. ಗೌರಿ ಹಬ್ಬ 26ಕ್ಕೆ, ಮಂಗಳವಾರ. ಮಾರನೇ ದಿನ ಗಣೇಶ. ಬೇಕರಿ ಅಣ್ಣ ಪ್ರತಿ ವರ್ಷ ಈ ಹಬ್ಬಕ್ಕೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕರ್ಜಿಕಾಯಿ ಆರ್ಡರ್ ತಗೊಳ್ಳುತ್ತಾರೆ. ಮೊದಲೆಲ್ಲ ಅಂಗಡಿ ಮುಂದೆ ಒಂದು ಬೋರ್ಡು, ಅಷ್ಟೆ. ಈ ಸಲ ಅವರ ನೆಂಟರ ಹುಡುಗ 10ನೇ ತಾರೀಖು, ಭಾನುವಾರ, ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ಹಾಕಿದ. ವಿಡಿಯೊ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒರಳಿನಿಂದ ಹಿಟ್ಟು ಸುತ್ತಿಕೊಂಡು ಇಳಿಯುವುದು, ಬಾಣಲೆಯಲ್ಲಿ ಎಣ್ಣೆ ನೊರೆ, ಕೊನೆಗೆ ಚಕ್ಕುಲಿ ಮುರಿಯುವ ಸದ್ದು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, "ಈ ಹಬ್ಬಕ್ಕೆ ರುಚಿಯ ಸಂಭ್ರಮ! ಶುದ್ಧ ತುಪ್ಪದ ಮನೆ ರುಚಿ! ಬೇಗ ಬನ್ನಿ!!" ಕೆಳಗಿನ ವಿವರಣೆಯಲ್ಲಿ ಒಂದೇ ಸಾಲು, "ಹಬ್ಬದ ಸ್ಪೆಷಲ್ ಆರ್ಡರ್ ಶುರುವಾಗಿದೆ, ಮೆಸೇಜ್ ಮಾಡಿ." ಆಮೇಲೆ #viral #trending #foodie ಅಂತ ಒಂದು ಸಾಲು ಹ್ಯಾಷ್‌ಟ್ಯಾಗು.

ಮೂರು ದಿನಕ್ಕೆ ಹದಿನಾಲ್ಕು ಸಾವಿರ ಜನ ನೋಡಿದ್ದರು. ಹುಡುಗನಿಗೆ ಖುಷಿಯೋ ಖುಷಿ. ಅಣ್ಣ ಮಾತ್ರ 13ನೇ ತಾರೀಖು ನನ್ನ ಅಂಗಡಿಗೆ ಬಂದು ಫೋನ್ ಮುಂದಿಟ್ಟರು. "ನೋಡಪ್ಪಾ, ಇಷ್ಟು ಜನ ನೋಡವ್ರೆ. ಆರ್ಡರ್ ಬಂದಿರೋದು ಆರು. ಅದರಲ್ಲಿ ಮೂರು ನಮ್ಮ ಬೀದಿಯವರದೇ, ಅವರು ಹೆಂಗೂ ಕೊಡೋರು."

ನಾನು ಕಾಮೆಂಟು ಓದುತ್ತಾ ಕೂತೆ. ರೀಲ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದು ಅಲ್ಲೇ ಬರೆದಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಕೇಳಿದ್ದು "ರೇಟ್?" ಒಬ್ಬರು ಕಲಬುರಗಿಗೆ ಕಳಿಸ್ತೀರಾ ಅಂತ. ಒಬ್ಬರು ಯಾವ ಹಬ್ಬಕ್ಕೆ, ದೀಪಾವಳಿಗಾ ಅಂತ. ಇನ್ನೊಬ್ಬ ಮಹಾಶಯ ಹುಬ್ಬಳ್ಳಿಯವರು, "ಬೇಗ ಬನ್ನಿ ಅಂದೀರಿ, ಎಲ್ಲಿಗೆ ಬರಬೇಕ್ರಿ?" ಅಂತ ಕೇಳಿ ನಗುವ ಮುಖ ಹಾಕಿದ್ದರು. ಅಕೌಂಟಿನ ಇನ್‌ಸೈಟ್ಸ್ ತೆಗೆದು ಊರುಗಳ ಪಟ್ಟಿ ನೋಡಿದರೆ ಬೆಂಗಳೂರು ಮೊದಲು, ತುಮಕೂರು ನಾಲ್ಕನೇ ಸಾಲಿನಲ್ಲಿ.

ಆಗ ನನಗೆ ಹೊಳೆದಿದ್ದು ನನ್ನ ಕಸುಬಿನ ಮಾತೇ. ಹುಡುಗ ಬರೆದಿದ್ದು ಫ್ಲೆಕ್ಸ್‌ಗೆ ಬರೆಯುವ ತಲೆಬರಹ. ಫ್ಲೆಕ್ಸ್‌ನಲ್ಲಿ ಊರಿನ ಹೆಸರು ಬೇಕಿಲ್ಲ, ಯಾಕೆಂದರೆ ಅದು ಊರಲ್ಲೇ ನೇತಾಡುತ್ತಿರುತ್ತದೆ. ತಾರೀಖೂ ಅಷ್ಟೇನೂ ಬೇಕಿಲ್ಲ, ಹಬ್ಬ ಆದ ಮೇಲೆ ಯಾರಾದರೂ ಕಿತ್ತು ಕೊಟ್ಟಿಗೆಗೆ ಹೊದಿಸುತ್ತಾರೆ. ಯಾವ ಅಂಗಡಿ ಅನ್ನುವುದೂ ಎದುರಿಗೇ ಕಾಣುತ್ತದೆ. "ಬೇಗ ಬನ್ನಿ" ಅಂತ ಅಂಗಡಿ ಮುಂದೆ ಬರೆದರೆ ಅದಕ್ಕೆ ಅರ್ಥ ಇದೆ. ರೀಲ್ ಹಾಗಲ್ಲ. ಅದು ಎಲ್ಲೋ ಇರುವವರ ಕೈಗೆ, ಎಷ್ಟೋ ದಿನ ಆದ ಮೇಲೆ ಹೋಗುತ್ತದೆ. ಗೋಡೆ ಹೇಳುತ್ತಿದ್ದ ಊರನ್ನೂ ಕ್ಯಾಲೆಂಡರ್ ಹೇಳುತ್ತಿದ್ದ ದಿನವನ್ನೂ ಇಲ್ಲಿ ಅಕ್ಷರವೇ ಹೇಳಬೇಕು.

ಅಣ್ಣನ ಮುಂದೆ ಇದನ್ನು ಹೇಳಿದಾಗ ಅವರು, "ಹಂಗಾದ್ರೆ ಊರು ಹಾಕಿಬಿಡು" ಅಂದರು. ಊರು ಹಾಕಿದರೆ ಸಾಕಾಗುತ್ತಿರಲಿಲ್ಲ. ತಲೆಬರಹ ಬರೆಯುವ ಮೊದಲು ನನಗೆ ಬೇರೆ ಲೆಕ್ಕ ಬೇಕಿತ್ತು: ಎಷ್ಟು ಮಾಡಬಲ್ಲಿರಿ, ಯಾವಾಗ ನಿಲ್ಲಿಸುತ್ತೀರಿ?

ಬೇಕರಿ ಹಿಂದಿನ ಮನೆಯಲ್ಲಿ ಅಕ್ಕ, ಅಂದರೆ ಅಣ್ಣನ ಹೆಂಡತಿ, ಮತ್ತು ಇನ್ನೊಬ್ಬರು ಕೂತು ಕರಿಯುತ್ತಾರೆ. ಒಂದೇ ದೊಡ್ಡ ಬಾಣಲೆ. ದಿನಕ್ಕೆ 12 ಕೆಜಿ ಆರಾಮಾಗಿ ಆಗುತ್ತದೆ. 21ರಿಂದ 25ರವರೆಗೆ ಐದು ದಿನ ಕರಿದರೆ 60 ಕೆಜಿ. ಅದಕ್ಕಿಂತ ಜಾಸ್ತಿ ಒಪ್ಪಿಕೊಂಡರೆ ರಾತ್ರಿ ನಿದ್ದೆ ಇಲ್ಲ. ಇನ್ನು ಚಕ್ಕುಲಿ ಹಿಟ್ಟಿಗೆ ಅಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಹುರಿದ ಉದ್ದಿನಬೇಳೆ ಸೇರಿಸಿ ಮಿಲ್ಲಿಗೆ ಕಳಿಸಬೇಕು. ಭಾನುವಾರ ಮಿಲ್ಲು ರಜೆ. ಹಾಗಾಗಿ 23ರ ಶನಿವಾರ ಸಂಜೆಗೆ ಕೊನೆಯ ಹಿಟ್ಟು ಬೀಸಿ ಬರಬೇಕು. ಆರ್ಡರಿಗೆ ಕೊನೆ ದಿನ ಅಲ್ಲಿಂದ ಬಂತು, ನನ್ನ ತಲೆಯಿಂದಲ್ಲ. ಗಿರಾಕಿ ಓಡಿಕೊಂಡು ಬರಲಿ ಅಂತ ಸುಮ್ನೆ ಒಂದು ಕೊನೆ ದಿನ ಹಾಕುವವರಿದ್ದಾರೆ. ಮಾರನೇ ದಿನವೂ ಆರ್ಡರ್ ತಗೊಂಡರೆ ಮುಂದಿನ ವರ್ಷ ಆ ದಿನವನ್ನು ಯಾರೂ ನಂಬುವುದಿಲ್ಲ.

ತಲೆಬರಹದ ಮೇಲೆ ಒಂದು ಸಂಜೆ ಪೂರ್ತಿ ಹೋಯಿತು. ಇನ್‌ಸ್ಟಾಗ್ರಾಂ ರೀಲಿಗೆ ಯೂಟ್ಯೂಬ್ ಶಾರ್ಟ್ಸ್‌ನ ಹಾಗೆ ಟೈಟಲ್ ಅಂತ ಬೇರೆ ಜಾಗ ಇಲ್ಲ. ಅಲ್ಲಿ ತಲೆಬರಹ ಅಂದರೆ ಎರಡು ಕಡೆ ಇರುತ್ತದೆ. ಒಂದು, ವಿಡಿಯೊ ಮೇಲೆ ಮತ್ತು ಕವರ್ ಮೇಲೆ ಬರೆಯುವ ಅಕ್ಷರ. ಇನ್ನೊಂದು, ಕೆಳಗಿನ ವಿವರಣೆಯ ಮೊದಲ ಸಾಲು. ಆ ಮೊದಲ ಸಾಲೂ ಪೂರ್ತಿ ಕಾಣುವುದಿಲ್ಲ. ನನ್ನ ಫೋನಿನಲ್ಲಿ ಕನ್ನಡದ ಐದಾರು ಪದ ಕಂಡು, ಉಳಿದಿದ್ದು 'ಮೋರ್' ಒತ್ತಿದರೆ ಮಾತ್ರ. ಅದನ್ನು ಒತ್ತುವವರು ಕಡಿಮೆ. ಹಾಗಾಗಿ ಆ ಐದಾರು ಪದದಲ್ಲೇ ಏನು, ಯಾವ ಹಬ್ಬಕ್ಕೆ, ಎಲ್ಲಿ ಅನ್ನುವುದು ಬಂದುಬಿಡಬೇಕು.

ನಾನು ಮೊದಲು ಬರೆದಿದ್ದು ಇದು: "ಹಬ್ಬಕ್ಕೆ ಚಕ್ಕುಲಿ ಮಾಡೋಕೆ ಪುರುಸೊತ್ತಿಲ್ವಾ?" ನನಗೆ ಅದು ಚೆನ್ನಾಗಿದೆ ಅನ್ನಿಸಿತ್ತು. ಕೆಲಸಕ್ಕೆ ಹೋಗುವ ಹೆಂಗಸರೇ ನಮ್ಮ ಗಿರಾಕಿ, ಅವರಿಗೆ ಸೀದಾ ತಟ್ಟುತ್ತದೆ ಅಂದುಕೊಂಡೆ. ಅಕ್ಕ ಓದಿ ಕೈ ಒರೆಸಿಕೊಳ್ಳುತ್ತಾ, "ಇದನ್ನ ಅವಳ ಅತ್ತೆನೂ ನೋಡ್ತಾರೆ ಕಣಪ್ಪಾ" ಅಂದರು. ಅಷ್ಟೇ ಹೇಳಿದ್ದು. ಆ ಸಾಲು ಅಲ್ಲೇ ಹೋಯಿತು. ಹೊರಗಿನಿಂದ ತಂದ ತಿಂಡಿ ಅನ್ನುವುದು ಎಷ್ಟೋ ಮನೆಯಲ್ಲಿ ಇನ್ನೂ ಸ್ವಲ್ಪ ಮುಜುಗರದ ವಿಷಯ. ಬಚ್ಚಿಡುತ್ತಾರೆ ಅಂತಲ್ಲ, ಆದರೆ ಎತ್ತಿ ಆಡಿದರೆ ಇಷ್ಟವಾಗುವುದಿಲ್ಲ. ಆ ರೀಲನ್ನು ಅವರು ಗಂಡನಿಗೂ ಓರಗಿತ್ತಿಗೂ ಧೈರ್ಯವಾಗಿ ಕಳಿಸುವ ಹಾಗಿರಬೇಕು.

"ಮನೆ ರುಚಿ" ಅನ್ನುವುದನ್ನೂ ಅಕ್ಕನೇ ತೆಗೆಸಿದರು. "ಮನೆ ರುಚಿ ಬೇಕಂದೋರು ಮನೇಲೇ ಮಾಡ್ಕೋತಾರೆ. ನಮ್ಮತ್ರ ಬರೋರಿಗೆ ಮುರಿದಿರಬಾರದು, ಮೆತ್ತಗಾಗಬಾರದು, ನೈವೇದ್ಯಕ್ಕೆ ಇಡೋ ಹಂಗಿರಬೇಕು. ಅಷ್ಟೆ."

ಇನ್ನೊಂದು ತೊಂದರೆ "ಶುದ್ಧ ತುಪ್ಪ". ಕರಿಯುವುದು ಸೂರ್ಯಕಾಂತಿ ಎಣ್ಣೆಯಲ್ಲಿ. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಹಾಕುತ್ತಾರೆ, ಅದು ನಿಜ. ತುಪ್ಪ ಎಲ್ಲೂ ಇಲ್ಲ. ಹುಡುಗನನ್ನು ಕೇಳಿದರೆ "ಎಲ್ರೂ ಹಾಕ್ತಾರೆ" ಅಂದ. ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. ಸಣ್ಣ ಬೇಕರಿಯ ಮನೆ ಬಾಗಿಲಿಗೆ ಅಧಿಕಾರಿ ಬರುತ್ತಾರೋ ಇಲ್ಲವೋ, ತುಪ್ಪದ ವಾಸನೆ ಗೊತ್ತಿರುವ ಅಜ್ಜಿ ಅಂತೂ ಬಂದೇ ಬರುತ್ತಾರೆ. "ಬೆಣ್ಣೆ ಚಕ್ಕುಲಿ" ಅಂತ ಉಳಿಸಿಕೊಂಡೆವು. ಎಣ್ಣೆ ಯಾವುದು ಅಂತ ವಿವರಣೆಯಲ್ಲಿ ಬರೆದೆವು.

ಕೊನೆಗೆ ನಿಂತ ತಲೆಬರಹದಲ್ಲಿ ಸೊಗಸೇನೂ ಇರಲಿಲ್ಲ: "ಗಣಪತಿ ಹಬ್ಬಕ್ಕೆ ಚಕ್ಕುಲಿ, ಕರ್ಜಿಕಾಯಿ – ತುಮಕೂರು ಬಟವಾಡಿ". ನಾಲ್ಕು ತಿಂಡಿಯ ಹೆಸರೂ ಹಾಕಬೇಕು ಅಂತ ಅಣ್ಣನ ಆಸೆ. ಹಾಕಿದ್ದರೆ ಊರು 'ಮೋರ್' ಆಚೆಗೆ ಹೋಗುತ್ತಿತ್ತು. ಜನ ಹುಡುಕಿಕೊಂಡು ಬರುವುದು ಚಕ್ಕುಲಿಗೆ, ಗಣಪತಿಗೆ ಬೇಕೇ ಬೇಕಾಗಿದ್ದು ಕರ್ಜಿಕಾಯಿ. ಕೋಡುಬಳೆ, ನಿಪ್ಪಟ್ಟು ಕೆಳಗೆ ಬಂದರೆ ಸಾಕು. "ಗೌರಿ ಗಣೇಶ" ಅನ್ನುವುದಕ್ಕಿಂತ "ಗಣಪತಿ ಹಬ್ಬ" ಅಂತ ನಮ್ಮ ಕಡೆ ಬಾಯಲ್ಲಿ ಬರುತ್ತದೆ. ಹಾಗೇ ಬರೆದೆವು. ಬೇಕರಿಯ ಹೆಸರು ತಲೆಬರಹದಲ್ಲಿ ಇಲ್ಲ ಅಂತ ಅಣ್ಣನಿಗೆ ಸ್ವಲ್ಪ ಬೇಜಾರಾಯಿತು. ಅದು ಅಕೌಂಟಿನ ಹೆಸರಾಗಿ ಹೇಗೂ ಪಕ್ಕದಲ್ಲೇ ಕಾಣುತ್ತದೆ, ಎರಡು ಸಲ ಯಾಕೆ?

ವಿಡಿಯೊ ಮೇಲಿನ ಅಕ್ಷರಕ್ಕೆ ಮೂರು ಸಾಲು. ಏನು, ಎಲ್ಲಿ, ಯಾವಾಗ ಕೊನೆ. ಅದನ್ನು ಪರದೆಯ ಮೇಲ್ಭಾಗದ ಮೂರನೇ ಒಂದು ಪಾಲಿನಲ್ಲಿ ಕೂರಿಸಿದೆ. ಹುಡುಗನ ರೀಲಿನಲ್ಲಿ "ಬೇಗ ಬನ್ನಿ" ಅನ್ನುವುದು ತೀರಾ ಕೆಳಗಿತ್ತು. ಅಲ್ಲಿ ಅಕೌಂಟಿನ ಹೆಸರು, ವಿವರಣೆ ಬಂದು ಕೂರುತ್ತವೆ. ಬಲಗಡೆ ಲೈಕು, ಶೇರಿನ ಗುರುತು. ಅವನ ಫೋನ್ ನಂಬರಿನ ಕೊನೆಯ ಎರಡು ಅಂಕಿ ಹೃದಯದ ಚಿಹ್ನೆಯ ಹಿಂದೆ ಸೇರಿಕೊಂಡಿದ್ದವು. ಎಡಿಟ್ ಮಾಡುವಾಗ ಇದು ಕಾಣುವುದಿಲ್ಲ, ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಬೆಲೆಯನ್ನು ವಿಡಿಯೊ ಮೇಲೆ ಹಾಕಲಿಲ್ಲ. ವಿವರಣೆಯನ್ನು ಆಮೇಲೆ ತಿದ್ದಬಹುದು, ಕವರ್ ಬದಲಾಯಿಸಬಹುದು, ಆದರೆ ವಿಡಿಯೊದೊಳಗೆ ಸೇರಿದ ಅಕ್ಷರ ಹಾಗೇ ಉಳಿಯುತ್ತದೆ. ಹಬ್ಬ ಹತ್ತಿರ ಬಂದ ಹಾಗೆ ಎಣ್ಣೆ ಬೆಲೆ ಏನಾಗುತ್ತದೋ ಯಾರಿಗೆ ಗೊತ್ತು. ವಿವರಣೆಯಲ್ಲಿ ಬೆಲೆ ಹಾಕುವುದಕ್ಕೇ ಅಣ್ಣ ಒಪ್ಪಿರಲಿಲ್ಲ. "ಎದುರುಗಡೆ ಬೇಕರಿಯವ್ರು ನೋಡಿ ಹತ್ತು ರೂಪಾಯಿ ಕಮ್ಮಿ ಮಾಡ್ತಾರೆ" ಅನ್ನುವುದು ಅವರ ಭಯ. ನಾನು ಆ "ರೇಟ್?" ಕಾಮೆಂಟುಗಳನ್ನು ಎಣಿಸಿ ತೋರಿಸಿದೆ. ಅವರೆಲ್ಲರಿಗೂ ಅಂಗಡಿ ನೋಡಿಕೊಳ್ಳುತ್ತಾ ಒಬ್ಬೊಬ್ಬರಾಗಿ ಉತ್ತರ ಬರೆಯಬೇಕಲ್ಲ. ಅಣ್ಣ ಬರೆದಿದ್ದು ಇಬ್ಬರಿಗೆ ಮಾತ್ರ. ಎದುರಿನ ಬೇಕರಿಯವರಿಗೆ ಬೆಲೆ ಗೊತ್ತಾಗಬೇಕಾದರೆ ಒಂದು ಹುಡುಗನನ್ನು ಕಳಿಸಿ ಕಾಲು ಕೆಜಿ ಕೊಂಡರೆ ಆಯಿತು.

ವಿವರಣೆಗೆ ಬೇಕಾದ ಉಳಿದ ಮಾತು ನನಗೆ ಸಿಕ್ಕಿದ್ದು ಅಂಗಡಿಯ ಕೌಂಟರಿನಲ್ಲಿ. ಒಂದು ಗಂಟೆ ಹೊತ್ತು ಅಲ್ಲೇ ನಿಂತು ಜನ ಏನು ಕೇಳುತ್ತಾರೆ ಅಂತ ಬರೆದುಕೊಂಡೆ. ಒಬ್ಬರು, "ಮೊಟ್ಟೆ ಕೇಕ್ ಮಾಡೋ ಜಾಗದಲ್ಲೇ ಮಾಡ್ತೀರಾ?" ಇನ್ನೊಬ್ಬರು, "ನಿಪ್ಪಟ್ಟಿಗೆ ಈರುಳ್ಳಿ ಹಾಕಿರ್ತೀರಲ್ವಾ, ನೈವೇದ್ಯಕ್ಕೆ ಬರಲ್ಲ." ಮತ್ತೊಬ್ಬರು, "ಕೆಜಿಗೆ ಎಷ್ಟು ಬರುತ್ತೆ?" ಬೇಕರಿ ಅಂದ ಕೂಡಲೇ ಜನರಿಗೆ ಮೊಟ್ಟೆ ನೆನಪಾಗುತ್ತದೆ. ದಿನಾ ಪಫ್ಸ್ ತಿನ್ನುವವರೂ ದೇವರ ಮುಂದೆ ಇಡುವಾಗ ಕೇಳುತ್ತಾರೆ. ಅಲ್ಲಿ ಉತ್ತರ ಚೆನ್ನಾಗೇ ಇತ್ತು: ಕೇಕು ಬೇಕರಿಯೊಳಗೆ, ಕರಿದ ತಿಂಡಿ ಹಿಂದಿನ ಮನೆಯಲ್ಲಿ, ಬೇರೆ ಬಾಣಲೆ, ಬೇರೆ ಎಣ್ಣೆ. ಆದರೆ ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು. ಕೇಳದೆ ಹೋದವರು ಎಷ್ಟು ಜನವೋ. ನಿಪ್ಪಟ್ಟಿಗೆ ದಿನಾ ಈರುಳ್ಳಿ ಹಾಕುವುದು ನಿಜ. ಹಬ್ಬದ ನಿಪ್ಪಟ್ಟಿಗೆ ಹಾಕುವುದು ಬೇಡ ಅಂತ ಅಕ್ಕ ಅವತ್ತೇ ನಿರ್ಧಾರ ಮಾಡಿದರು.

ಕರ್ಜಿಕಾಯಿಯನ್ನು ಕೆಜಿ ಲೆಕ್ಕದಿಂದ ತೆಗೆದಿದ್ದೂ ಆ ಒಂದು ಗಂಟೆಯ ಫಲವೇ. ಗಣಪತಿಗೆ 21 ಇಡುವ ಪದ್ಧತಿ. 21 ಬೇಕಾದವರು ಎಷ್ಟು ಗ್ರಾಂ ಹೇಳಬೇಕು ಅಂತ ಯಾಕೆ ಲೆಕ್ಕ ಹಾಕಬೇಕು? 21ರ ಡಬ್ಬ ಅಂತ ಮಾಡಿದೆವು. ಹೂರಣ ಒಣಕೊಬ್ಬರಿಯದು. ಕೊಬ್ಬರಿ ನಮ್ಮ ಜಿಲ್ಲೆಯ ತಿಪಟೂರಿನಿಂದಲೇ ಬರುತ್ತದೆ. ಹಸಿ ತೆಂಗಿನಕಾಯಿ, ಬೆಲ್ಲದ ಹೂರಣ ಆಗಿದ್ದರೆ ಒಂದೆರಡು ದಿನದಲ್ಲಿ ಹುಳಿ ವಾಸನೆ ಬರುತ್ತಿತ್ತು, ಸೋಮವಾರ ಕೊಟ್ಟು ಬುಧವಾರ ನೈವೇದ್ಯ ಅಂದರೆ ಕಷ್ಟ. ಒಣಕೊಬ್ಬರಿ, ಸಕ್ಕರೆ, ಗಸಗಸೆ ಆದ್ದರಿಂದ ವಾರ ಇರುತ್ತದೆ. ತಿಪಟೂರು ಕೊಬ್ಬರಿ ಅನ್ನುವ ಎರಡು ಪದಕ್ಕೆ ನಮ್ಮ ಊರಲ್ಲಿ ಇರುವ ಬೆಲೆ "ರುಚಿಯ ಸಂಭ್ರಮ"ಕ್ಕೆ ಇಲ್ಲ. ಬೇರೆ ಜಿಲ್ಲೆಯ ಬೇಕರಿಗೆ ಇದೇ ಮಾತು ಇಷ್ಟು ಕೆಲಸ ಮಾಡಲಿಕ್ಕಿಲ್ಲ.

14ರ ಗುರುವಾರ ಹೊಸ ರೀಲ್ ಹಾಕಿದೆವು. ಮಾರನೇ ದಿನವೇ ನನ್ನ ತಪ್ಪು ಗೊತ್ತಾಯಿತು. ವಿಡಿಯೊ ಮೇಲೆ ನಾನು ಬರೆದಿದ್ದು "ಆಗಸ್ಟ್ 23ರವರೆಗೆ". ಸ್ವಾತಂತ್ರ್ಯ ದಿನದ ರಜೆ, ಇಬ್ಬರು ಅಂಗಡಿಗೇ ಬಂದು "ಚಕ್ಕುಲಿ ಕೊಡಿ" ಅಂದರು. ಈಗಲೇ ಮಾರುತ್ತಿದ್ದಾರೆ, 23ಕ್ಕೆ ನಿಲ್ಲಿಸುತ್ತಾರೆ ಅಂತ ಅವರು ಓದಿಕೊಂಡಿದ್ದರು. ಒಬ್ಬರು ಫೋನ್ ಮಾಡಿ, "23ಕ್ಕೆ ತಗೊಂಡ್ರೆ 27ಕ್ಕೆ ಮೆತ್ತಗಾಗಲ್ವಾ?" ಅಂತ ಕೇಳಿದರು. ನನ್ನ ತಲೆಯಲ್ಲಿ 23 ಅಂದರೆ ಆರ್ಡರ್ ಕೊಡುವ ಕೊನೆ ದಿನ. ಓದುವವರಿಗೆ ಅದು ಹೇಗೆ ಗೊತ್ತಾಗಬೇಕು? ಹಬ್ಬದ ಆರ್ಡರಿನಲ್ಲಿ ಮೂರು ದಿನ ಇರುತ್ತವೆ: ಹೇಳುವ ದಿನ, ತಗೊಳ್ಳುವ ದಿನ, ಹಬ್ಬದ ದಿನ. ಒಂದನ್ನೇ ಬರೆದರೆ ಜನ ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚುತ್ತಾರೆ. ವಿಡಿಯೊ ಮೇಲಿನ ಅಕ್ಷರ ತಿದ್ದುವ ಹಾಗಿಲ್ಲವಲ್ಲ, ರೀಲನ್ನೇ ಅಳಿಸಿ 16ಕ್ಕೆ ಮತ್ತೆ ಹಾಕಿದೆ. ಎರಡು ದಿನದ ಲೈಕು, ಕಾಮೆಂಟು ಹೋಯಿತು. ಈ ಸಲ ವಿಡಿಯೊ ಮೇಲೆ "ಆರ್ಡರ್ ಕೊಡಲು ಕೊನೆ ದಿನ: ಆ. 23, ಶನಿ". ತಾರೀಖಿನ ಜೊತೆ ವಾರ. ಬರೀ "ಈ ಶನಿವಾರ" ಅಂದರೆ ಮುಂದಿನ ವಾರ ನೋಡಿದವರು ಬೇರೆ ಶನಿವಾರ ಅಂದುಕೊಳ್ಳುತ್ತಾರೆ. ಬರೀ 23 ಅಂದರೆ ಯಾವ ವಾರ ಅಂತ ಕ್ಯಾಲೆಂಡರ್ ನೋಡಬೇಕು.

ಆ ದಿನ ಹಾಕಿದ ವಿವರಣೆ ಇದು. ಇದ್ದ ಹಾಗೇ ಕೊಟ್ಟಿದ್ದೇನೆ.

"ಗಣಪತಿ ಹಬ್ಬಕ್ಕೆ ಚಕ್ಕುಲಿ, ಕರ್ಜಿಕಾಯಿ – ತುಮಕೂರು ಬಟವಾಡಿ

ಆರ್ಡರ್ ಕೊಡಲು ಕೊನೆ ದಿನ: ಆಗಸ್ಟ್ 23, ಶನಿವಾರ. ಅಷ್ಟರೊಳಗೆ 60 ಕೆಜಿ ತುಂಬಿದರೆ ಮೊದಲೇ ನಿಲ್ಲಿಸುತ್ತೇವೆ.

ಅಂಗಡಿಗೆ ಬಂದು ತಗೊಳ್ಳುವುದು: ಆಗಸ್ಟ್ 25, ಸೋಮವಾರ ಸಂಜೆ 4ರಿಂದ 9. ಅಥವಾ 26, ಮಂಗಳವಾರ ಬೆಳಿಗ್ಗೆ 7ರಿಂದ 11. ಮನೆಗೆ ತಂದುಕೊಡುವುದಿಲ್ಲ, ಬೇರೆ ಊರಿಗೆ ಕಳಿಸುವುದಿಲ್ಲ.

ಬೆಣ್ಣೆ ಚಕ್ಕುಲಿ ಕೆಜಿಗೆ ₹360 (ಸುಮಾರು 40 ಬರುತ್ತವೆ). ಕೋಡುಬಳೆ ₹340. ನಿಪ್ಪಟ್ಟು ₹320. ಕರ್ಜಿಕಾಯಿ 21ರ ಡಬ್ಬ ₹250. ಕಾಲು ಕೆಜಿಯಿಂದ ಆರ್ಡರ್ ಕೊಡಬಹುದು.

ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇಲ್ಲ. ಬೇಕರಿಯೊಳಗೆ ಅಲ್ಲ, ಹಿಂದಿನ ಮನೆಯಲ್ಲಿ ಬೇರೆ ಬಾಣಲೆಯಲ್ಲಿ ಕರಿಯುತ್ತೇವೆ. ಎಣ್ಣೆ ಸೂರ್ಯಕಾಂತಿ. ಹೂರಣ ತಿಪಟೂರು ಕೊಬ್ಬರಿಯದು, ಒಂದು ವಾರ ಇರುತ್ತದೆ.

ವಾಟ್ಸಾಪ್‌ನಲ್ಲಿ ಹೀಗೆ ಬರೆದು ಕಳಿಸಿ: ಹೆಸರು, ಚಕ್ಕುಲಿ 1 ಕೆಜಿ, ಸೋಮವಾರ ಸಂಜೆ. ಅರ್ಧ ದುಡ್ಡು ಮುಂಗಡ. ನಂಬರು ಪ್ರೊಫೈಲಿನಲ್ಲಿದೆ.

#tumkur #tumakuru #batawadi #chakli #chakkuli #gowriganesha"

ಇದರಲ್ಲಿ "ಕಳಿಸುವುದಿಲ್ಲ" ಅನ್ನುವ ಸಾಲಿಗೆ ಹುಡುಗ ತಕರಾರು ಮಾಡಿದ. ಇಲ್ಲ ಇಲ್ಲ ಅಂತ ಯಾಕೆ ಬರೆಯಬೇಕು, ಬಂದ ಗಿರಾಕಿ ಓಡಿಹೋಗುತ್ತಾರೆ ಅಂತ. ಓಡಿಹೋಗಲಿ ಅಂತಲೇ ಬರೆದಿದ್ದು. ಕಲಬುರಗಿಯವರಿಗೆ ಉತ್ತರ ಬರೆಯುವ ಹೊತ್ತಿಗೆ ಇಲ್ಲೇ ಪಕ್ಕದ ಕ್ಯಾತ್ಸಂದ್ರದವರ ಮೆಸೇಜು ಕೆಳಗೆ ಹೋಗಿರುತ್ತದೆ.

ಹ್ಯಾಷ್‌ಟ್ಯಾಗಿನಲ್ಲಿ ಒಂದೇ ಊರನ್ನು ಎರಡು ಥರ ಬರೆದಿದ್ದಕ್ಕೆ ಕಾರಣ ಇದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರಿನ ಹೆಸರು ತುಮಕೂರು ಅಂತಲೇ ಆಯಿತು, ಆದರೆ ಫೋನಿನಲ್ಲಿ ಬೆರಳು ಇನ್ನೂ tumkur ಅಂತಲೇ ಒತ್ತುತ್ತದೆ. ಚಕ್ಕುಲಿಯೂ ಹಾಗೇ. ಓದುವುದು ಕನ್ನಡದಲ್ಲಿ, ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ chakli ಅಂತ. ಅದಕ್ಕೇ ಮೇಲಿನ ಮಾತೆಲ್ಲ ಕನ್ನಡ, ಕೊನೆಯ ಸಾಲು ಮಾತ್ರ ಹುಡುಕುವವರ ಅಕ್ಷರ. #viral ತೆಗೆದೆವು. ಜೊತೆಗೆ ರೀಲ್ ಹಾಕುವಾಗ ಲೊಕೇಶನ್ ಜಾಗದಲ್ಲಿ ಊರನ್ನು ಆರಿಸಿದೆವು, ಹುಡುಗ ಅದನ್ನು ಖಾಲಿ ಬಿಟ್ಟಿದ್ದ.

ನಂಬರಿನ ವಿಷಯ ಸಣ್ಣದು, ಆದರೆ ಆರ್ಡರ್ ಕಳೆದುಹೋಗುವುದು ಅಲ್ಲೇ. ಇನ್‌ಸ್ಟಾಗ್ರಾಂ ವಿವರಣೆಯಲ್ಲಿ ಫೋನ್ ನಂಬರ್ ಬರೆದರೆ ಒತ್ತಿದರೂ ಏನೂ ಆಗುವುದಿಲ್ಲ, ಲಿಂಕ್ ಹಾಕಿದರೂ ಅಷ್ಟೆ. ನೋಡಿದವರು ಹತ್ತು ಅಂಕಿ ನೆನಪಿಟ್ಟುಕೊಂಡು ಇನ್ನೊಂದು ಕಡೆ ಹೋಗಿ ಒತ್ತಬೇಕು. ಯಾರು ಮಾಡುತ್ತಾರೆ? ಹಾಗಾಗಿ ಪ್ರೊಫೈಲಿನಲ್ಲಿ ವಾಟ್ಸಾಪಿನ ಈ ಲಿಂಕ್ ಕೂರಿಸಿದೆವು. 91ಕ್ಕೆ ಮೊದಲು ಪ್ಲಸ್ ಬೇಡ, ನಂಬರಿಗೆ ಮೊದಲು ಸೊನ್ನೆಯೂ ಬೇಡ, ಹಾಕಿದರೆ ತೆರೆಯದೆ ಹೋಗಬಹುದು.

```
https://wa.me/91XXXXXXXXXX
```

ವಾಟ್ಸಾಪ್ ಗ್ರೂಪುಗಳಿಗೆ ಹೋಗುವ ವಿವರಣೆ ಬೇರೆ ಮಾಡಿದೆವು. ಅಲ್ಲಿ ನಂಬರು ಒತ್ತಿದರೆ ತೆರೆಯುತ್ತದೆ, ಆದ್ದರಿಂದ ಅದು ಎರಡನೇ ಸಾಲಿಗೇ ಬಂತು. ಹ್ಯಾಷ್‌ಟ್ಯಾಗ್ ಪೂರ್ತಿ ಹೋಯಿತು. ಬಡಾವಣೆಯ ಗ್ರೂಪಿನಲ್ಲಿ ಹ್ಯಾಷ್‌ಟ್ಯಾಗ್ ನೋಡಿದರೆ ಎಲ್ಲಿಂದಲೋ ಬಂದ ಜಾಹೀರಾತು ಅನ್ನಿಸುತ್ತದೆ.

ಹೊಸ ರೀಲನ್ನು ನೋಡಿದವರು ಎರಡು ಸಾವಿರದ ಚಿಲ್ಲರೆ. ಹುಡುಗನ ಮುಖ ಸಪ್ಪಗಾಯಿತು. ಅಣ್ಣನ ನೋಟ್‌ಬುಕ್ಕಿನಲ್ಲಿ ಮಾತ್ರ ದಿನಕ್ಕೆ ಹತ್ತು, ಹನ್ನೆರಡು ಹೆಸರು ಏರುತ್ತಾ ಹೋಯಿತು. ಎಲ್ಲವೂ ತಲೆಬರಹದಿಂದಲೇ ಬಂತು ಅಂತ ನಾನು ಹೇಳಲಾರೆ. ಹಬ್ಬ ಹತ್ತಿರ ಬಂದಿತ್ತು, ಗ್ರೂಪುಗಳಿಗೂ ಹೋಗಿತ್ತು, ಹಳೆಯ ಗಿರಾಕಿಗಳೂ ಇದ್ದರು. ಆದರೆ ಒಂದು ವ್ಯತ್ಯಾಸವನ್ನು ಮಾತ್ರ ನಾನು ನಂಬುತ್ತೇನೆ, ಮೆಸೇಜು ಬರುವ ರೀತಿಯೇ ಬದಲಾಯಿತು. ಮೊದಲು "ರೇಟ್?" ಅಂತ ಬರುತ್ತಿತ್ತು. ಈಗ ಹೆಸರು, ತಿಂಡಿ, ತೂಕ, ದಿನ ಬರೆದು ಬರುತ್ತಿತ್ತು, ನಾವು ತೋರಿಸಿದ ಹಾಗೇ. ಅಣ್ಣ ಉತ್ತರಕ್ಕೆ ಬರೆಯುತ್ತಿದ್ದುದು ಮುಂಗಡ ಎಷ್ಟು ಅಂತ ಮಾತ್ರ.

22ರ ಶುಕ್ರವಾರ ಸಂಜೆಗೆ 60 ಕೆಜಿ ತುಂಬಿತು. ಅಕ್ಕ ಸಾಕು ಅಂದರು. ನಾನು ವಿವರಣೆಯ ಮೊದಲ ಸಾಲಿಗೆ "ಆರ್ಡರ್ ಭರ್ತಿಯಾಗಿದೆ" ಅಂತ ಸೇರಿಸಿದೆ, ಕವರ್ ಬದಲಾಯಿಸಿದೆ, ಮೇಲೊಂದು ಕಾಮೆಂಟ್ ಪಿನ್ ಮಾಡಿದೆ. ಆದರೂ ವಿಡಿಯೊ ಮೇಲೆ "23, ಶನಿ" ಅಂತ ಉಳಿದೇ ಇತ್ತು. ಶನಿವಾರ ಐದು ಜನ ಬಂದರು. ಒಬ್ಬರು ಫೋನ್ ತೆರೆದು ತೋರಿಸಿ, "ಇವತ್ತಿನವರೆಗೆ ಅಂತ ನೀವೇ ಹಾಕಿದ್ದೀರಲ್ಲ" ಅಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. 60 ಕೆಜಿಯ ಮಾತು ವಿವರಣೆಯ ಎರಡನೇ ಸಾಲಿನಲ್ಲಿ, 'ಮೋರ್' ಆಚೆ ಇತ್ತು. ಅಕ್ಕ ಬೈದುಕೊಳ್ಳುತ್ತಲೇ ಇನ್ನೂ ನಾಲ್ಕು ಕೆಜಿ ಒಪ್ಪಿಕೊಂಡರು. ಭಾನುವಾರ ರಾತ್ರಿ ಹನ್ನೊಂದಾದರೂ ಹಿಂದಿನ ಮನೆಯಲ್ಲಿ ದೀಪ ಉರಿಯುತ್ತಿತ್ತು. ನಾನೂ ಹೋಗಿ ಒಂದು ಗಂಟೆ ಡಬ್ಬಕ್ಕೆ ಚೀಟಿ ಅಂಟಿಸಿದೆ.

ದೀಪಾವಳಿಗೆ ಅಣ್ಣ ಮತ್ತೆ ಕರೆದರು. ಅದೇ ವಿವರಣೆ ತೆಗೆದು ತಾರೀಖು, ತಿಂಡಿ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ವಿಡಿಯೊ ಮೇಲಿನ ಮೂರನೇ ಸಾಲನ್ನು ಮಾತ್ರ ಅಕ್ಕ ತಾವೇ ಹೇಳಿ ಬರೆಸಿದರು: "ತುಂಬಿದ ದಿನವೇ ಬಂದ್, ತಡ ಅಂದ್ರೆ ಅ. 16, ಗುರು". ಹುಡುಗ ತನ್ನ ಹಳೆಯ ರೀಲನ್ನು ಅಳಿಸಿಲ್ಲ. ಅದಕ್ಕೆ ಇವತ್ತಿಗೂ ಆಗಾಗ ಯಾರಾದರೂ "ರೇಟ್?" ಅಂತ ಕೇಳುತ್ತಿರುತ್ತಾರೆ.